ಕಕ್ಕಸಿನ ಬಾಗಿಲಲ್ಲಿ ನಿಂತ ತಾತ

ನನ್ನ ಗಂಡನ ಅಣ್ಣನಿಗೆ ನಿವೃತ್ತಿಯಾದ ಮೇಲೆ ಪರಂಪರೆಯ ಹುಚ್ಚು ಹಿಡಿಯಿತು. ಸರ್ಕಾರಿ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದಷ್ಟು ಕಾಲ ತಾತ ಎಂಬ ಪದ ಅವರ ಬಾಯಲ್ಲಿ ಬಂದಿದ್ದನ್ನು ನಾನು ಕೇಳಿರಲಿಲ್ಲ. ತುಮಕೂರು ರಸ್ತೆಯಲ್ಲಿ, ಮಾದನಾಯಕನಹಳ್ಳಿ ದಾಟಿ, ಗೋದಾಮುಗಳ ಮಧ್ಯೆ ಪಾರ್ಟಿ ಹಾಲ್ ಕಟ್ಟಿಸಲು ಶುರು ಮಾಡಿದ ಮೇಲೆ ತಾತ ಇದ್ದಕ್ಕಿದ್ದಂತೆ ಹುಟ್ಟಿಕೊಂಡ. ಹಾಲಿಗೆ ತಾತನ ಹೆಸರು. ಬಾಗಿಲಿಗೆ ಹಿತ್ತಾಳೆಯ ಗುಬ್ಬಿಮೊಳೆ. ಒಳಗೆ ಕಾಲಿಟ್ಟರೆ ಎದುರಿನ ಗೋಡೆಯ ತುಂಬ ಒಂದು ಚಿತ್ರ ಇರಬೇಕು, ಅದರಲ್ಲಿ ಅಂದಿನ ತಾತ ಮತ್ತು ಇಂದಿನ ಮೊಮ್ಮಗ ಅಕ್ಕಪಕ್ಕ ನಿಂತಿರಬೇಕು ಎಂಬುದು ಅವರ ಆಸೆ.

ಆ ಕೆಲಸ ನನ್ನ ಪಾಲಿಗೆ ಬಂತು. ಜಾಲಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ನಾನು ಬಹಳ ವರ್ಷಗಳಿಂದ ಮದುವೆಯ ಆಲ್ಬಂಗಳನ್ನು ಜೋಡಿಸಿಕೊಡುತ್ತಿದ್ದೇನೆ. ಹಳೆಯ ಚಿತ್ರಗಳನ್ನು ಸರಿಪಡಿಸುವುದೂ ಉಂಟು. ವಧುವಿನ ಮುಖದ ಮೊಡವೆ ಅಳಿಸುವುದು, ಬಾರದ ಭಾವನನ್ನು ಗುಂಪಿನೊಳಗೆ ಸೇರಿಸುವುದು, ಬಂದೂ ಜಗಳವಾಡಿ ಹೋದವರನ್ನು ತೆಗೆಯುವುದು ಎಲ್ಲವನ್ನೂ ಮಾಡಿದ್ದೇನೆ. ಮನುಷ್ಯರು ತಮ್ಮ ನೆನಪನ್ನು ಎಷ್ಟು ನಿರ್ಲಜ್ಜೆಯಿಂದ ತಿದ್ದಿಸುತ್ತಾರೆ ಎನ್ನುವುದು ನನ್ನ ಕೆಲಸದಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು.

ಭಾವ ಒಂದು ಭಾನುವಾರ ತಾತನನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ತಂದರು. ಕಪ್ಪು ಮರದ ಚೌಕಟ್ಟು, ಅಂಚಿನಲ್ಲಿ ಗೆದ್ದಲು ತಿಂದ ರಟ್ಟು. ಪೇಟ ಸುತ್ತಿ, ಮುಚ್ಚುಗೊರಳಿನ ಕೋಟು ತೊಟ್ಟು, ಕೈಯಲ್ಲಿ ಕೋಲು ಹಿಡಿದ ತಾತ ತನ್ನ ಮನೆಯ ಕಲ್ಲು ಮೆಟ್ಟಿಲುಗಳ ಎಡಕ್ಕೆ ನಿಂತಿದ್ದ. ಹಿಂದೆ ಕಲ್ಲಿನ ಬಾಗಿಲುವಾಡ. ಬಲಗಡೆ, ಮನೆಯ ಮೂಲೆ ಮುಗಿಯುವ ಕಡೆ, ದೂರದಲ್ಲಿ ಸೀಳಿದಂತಿದ್ದ ಒಂದು ದೊಡ್ಡ ಬಂಡೆ.

"ನೋಡಮ್ಮ, ಈ ಕಡೆ ತಾತ, ಈ ಕಡೆ ನಾನು. ತಾತನ ಕೈ ನನ್ ಹೆಗಲ ಮೇಲಿದ್ರೆ ಇನ್ನೂ ಒಳ್ಳೇದು. ಒಂಥರಾ ಹೆರಿಟೇಜ್ ಫೀಲ್ ಬರ್ಬೇಕು" ಎಂದರು.

ತಾತನ ಒಂದು ಕೈಯಲ್ಲಿ ಕೋಲಿತ್ತು, ಇನ್ನೊಂದು ಕೈ ಕೋಟಿನ ಗುಂಡಿಯ ಮೇಲಿತ್ತು. ಯಾರ ಹೆಗಲ ಮೇಲಾದರೂ ಕೈ ಹಾಕುವ ಆಸಾಮಿಯಂತೆ ಆತ ಕಾಣುತ್ತಿರಲಿಲ್ಲ.

ಚಿತ್ರದ ಒಂದು ಭಾಗ ತೇವಕ್ಕೆ ಗಾಜಿಗೆ ಅಂಟಿಕೊಂಡಿತ್ತು. ಅಂಥದ್ದನ್ನು ಎಳೆದು ಬಿಡಿಸಲು ಹೋದರೆ ಮುಖವೇ ಕಿತ್ತು ಗಾಜಿನ ಜೊತೆ ಬರುತ್ತದೆ. ಹಾಗಾಗಿ ಗಾಜಿನ ಸಮೇತವೇ ಮೇಜಿನ ಮೇಲೆ ಮಲಗಿಸಿ, ಎರಡೂ ಬದಿಯಿಂದ ಸಮನಾದ ಬೆಳಕು ಕೊಟ್ಟು, ಕ್ಯಾಮೆರಾವನ್ನು ನೇರ ಮೇಲಿನಿಂದ ಹಿಡಿದು ತೆಗೆದೆ. ಗಾಜಿನ ಮೇಲೆ ಹೊಳಪು ಬೀಳದಂತೆ ನೋಡಿಕೊಂಡೆ. ಪರದೆಯ ಮೇಲೆ ದೊಡ್ಡದು ಮಾಡಿ, ನೆರಳಿನ ಭಾಗಗಳನ್ನು ಸ್ವಲ್ಪ ತಿಳಿಗೊಳಿಸಿದಾಗ ಬಾಗಿಲಿನ ಕತ್ತಲೆಯಿಂದ ಒಂದು ಕೈ ಹೊರಬಂತು.

ಬಳೆ ತೊಟ್ಟ ಕೈ. ಬಾಗಿಲುವಾಡವನ್ನು ಹಿಡಿದುಕೊಂಡಿತ್ತು. ಅದರ ಮೇಲೆ ಅರ್ಧ ಮುಖ, ಒಂದು ಮೂಗುಬೊಟ್ಟು. ಮುಖ ತುಸು ಅಲುಗಿದಂತಿತ್ತು. ಆ ಕಾಲದ ಕ್ಯಾಮೆರಾದ ಮುಂದೆ ತಾತ ಉಸಿರು ಬಿಗಿಹಿಡಿದು ನಿಂತಿದ್ದಾನೆ, ಆಕೆಗೆ ನಿಲ್ಲು ಎಂದು ಯಾರೂ ಹೇಳಿಲ್ಲ. ಅಷ್ಟು ವರ್ಷ ಗೋಡೆಯ ಮೇಲಿದ್ದ ಚಿತ್ರದಲ್ಲಿ ಆಕೆ ಒಂದು ಕಪ್ಪು ಮಚ್ಚೆಯಾಗಿ ಇದ್ದುಬಿಟ್ಟಿದ್ದಳು.

ಭಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಅದೇನೋ ಕಲೆ ಇರ್ಬೇಕು. ತೆಗ್ದಾಕು" ಎಂದರು.

"ಕಲೆ ಮೂಗುಬೊಟ್ಟು ಹಾಕ್ಕೊಂಡಿರುತ್ತಾ ಭಾವ?"

"ಯಾರೋ ಕೆಲಸದವಳಿರ್ಬೇಕು ಬಿಡು. ಹೇಗೂ ನಾನು ನಿಲ್ಲೋದು ಆ ಜಾಗದಲ್ಲೇ ಅಲ್ವಾ, ಮುಚ್ಚೋಗುತ್ತೆ."

ನನ್ನ ಅತ್ತೆ, ಅಂದರೆ ಭಾವನ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ಚಿತ್ರದಲ್ಲಿದ್ದ ತಾತ ಅವರಿಗೆ ಮಾವ. ಅವರು ಮದುವೆಯಾಗಿ ಕಾಲಿಟ್ಟದ್ದು ಆ ಮನೆಗೇ. ಭಾವ ಹೋದ ಮೇಲೆ ಅವರನ್ನು ಕರೆದು ಪರದೆಯ ಮುಂದೆ ಕೂರಿಸಿದೆ. ಅವರೆಕಾಯಿ ಬಿಡಿಸುತ್ತಿದ್ದವರು ಮೊರದ ಸಮೇತ ಬಂದು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಹಳ ಹೊತ್ತು ನೋಡಿದರು.

"ನಮ್ಮತ್ತೆ ಕಣವ್ವ" ಎಂದರು. "ಇವತ್ತು ಪಟ ತೆಗೆಯೋರು ಬತ್ತಾರೆ ಅಂತ ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಕೊಂಡಿದ್ರಂತೆ. ನನ್ ತಾವ ಒಂದ್ಸಲ ಹೇಳಿದ್ರು. ಕರೀತಾರೆ, ಕರೀತಾರೆ ಅಂತ ಬಾಗಿಲಲ್ಲೇ ನಿಂತಿದ್ರಂತೆ. ಯಾರೂ ಕರೀಲಿಲ್ಲ."

ಹೀಗೆ ಹೇಳಿ ಮತ್ತೆ ಅವರೆಕಾಯಿ ಬಿಡಿಸತೊಡಗಿದರು. ಮೊಮ್ಮಗ ಈಗ ಅದೇ ಜಾಗದಲ್ಲಿ ನಿಂತು ಆಕೆಯನ್ನು ಮರೆಮಾಡುವ ಕೆಲಸವನ್ನು ಪೂರ್ತಿ ಮಾಡಲು ಹೊರಟಿದ್ದಾನೆ ಎಂದು ನನಗೆ ಹೇಳಬೇಕೆನಿಸಲಿಲ್ಲ. ನಾನು ಹೇಳದಿದ್ದರೂ ಅವರಿಗೆ ತಿಳಿದಿತ್ತು; ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇರುವುದು ಒಂದು ಬಟ್ಟೆಯ ಪರದೆ ಮಾತ್ರ.

ಎರಡು ಕಾಲದ ಚಿತ್ರಗಳನ್ನು ಒಂದು ಮಾಡುವುದರಲ್ಲಿ ಮರ್ಯಾದೆಯ ದಾರಿ ಒಂದೇ. ಹಳೆಯ ಕ್ಯಾಮೆರಾ ಎಲ್ಲಿ ನಿಂತಿತ್ತೋ ಅಲ್ಲೇ ಹೋಗಿ ನಿಲ್ಲಬೇಕು. ನೆಲವನ್ನು ನೆಲಕ್ಕೆ, ಕಲ್ಲನ್ನು ಕಲ್ಲಿಗೆ ಕೂರಿಸಬೇಕು. ಆಗ ಅಂದು ಎಲ್ಲಿ ಮುಗಿಯಿತು, ಇಂದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಇದನ್ನು ಭಾವನಿಗೆ ಫೋನಿನಲ್ಲಿ ವಿವರಿಸಿದೆ. ಅವರು ಅಂದೇ ಸಂಜೆ ಹಾಲಿನ ಮುಂದೆ ಸೂಟು ತೊಟ್ಟು ನಿಂತ ತಮ್ಮ ಚಿತ್ರವನ್ನು ಕಳಿಸಿದರು. "ಇದನ್ನ ತಾತನ ಪಕ್ಕ ಅಂಟಿಸು" ಎಂಬ ಸಂದೇಶವಿತ್ತು.

"ಭಾವ, ತಾತನ ನೆರಳು ಬಲಕ್ಕೆ ಬಿದ್ದಿದೆ. ನಿಮ್ದು ಎಡಕ್ಕೆ. ಎರಡು ಸೂರ್ಯ ಇದ್ದಂಗೆ ಕಾಣುತ್ತೆ" ಎಂದೆ.

"ನೆರಳು ಯಾರು ನೋಡ್ತಾರಮ್ಮ? ಮುಖ ನೋಡ್ತಾರೆ."

"ತಾತ ನಿಂತಿದ್ದ ಜಾಗಕ್ಕೇ ಹೋಗಿ ತೆಗೆಯೋಣ. ಅದು ನಿಮ್ದೇ ಅಲ್ವಾ?"

"ಅಲ್ಲಿ ಏನಿದೆ ನೋಡೋಕೆ" ಎಂದು ಫೋನು ಇಟ್ಟುಬಿಟ್ಟರು.

ಅಲ್ಲಿ ಏನಿದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪೀಣ್ಯದ ಶೆಡ್ಡುಗಳು ಹೊಲ ನುಂಗಿದ ಮೇಲೆ ಊರಿನಲ್ಲಿ ಉಳಿದಿದ್ದು ಆ ಮನೆ ಮತ್ತು ಅಂಗಳ. ಪಾಲಿನಲ್ಲಿ ಅದು ಭಾವನಿಗೆ ಹೋಯಿತು. ಮನೆ ಕೆಡವಿ ಬಾಡಿಗೆಗೆ ಸಾಲು ಕೋಣೆ ಕಟ್ಟಿಸಿದರು ಎಂದಷ್ಟೇ ಕೇಳಿದ್ದೆವು. ಅತ್ತೆ ಎಷ್ಟೋ ಸಲ ನೋಡಬೇಕೆಂದರೂ ಅವರು ಕರೆದುಕೊಂಡು ಹೋಗಿರಲಿಲ್ಲ. ಧೂಳು, ಟ್ರಾಫಿಕ್ಕು, ನಿಂಗೆ ಮಂಡಿ ನೋವು ಎಂದು ಪ್ರತಿ ಸಲ ಒಂದೊಂದು ನೆಪ.

ನಾನು ಕ್ಯಾಮೆರಾ, ಸ್ಟ್ಯಾಂಡು ಹೊತ್ತು ಅಲ್ಲಿಗೆ ಹೊರಡುವಾಗ ಅತ್ತೆ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು. ಆಟೋದಲ್ಲಿ ಹೋದೆವು. ಬೆಳಗ್ಗೆಯೇ ಹೊರಟಿದ್ದೆ. ಮನೆ ಪೂರ್ವಕ್ಕೆ ಮುಖ ಮಾಡಿತ್ತೆಂದು ಅತ್ತೆ ಹೇಳಿದ್ದರು. ಬಿಸಿಲು ಕ್ಯಾಮೆರಾದ ಬೆನ್ನ ಹಿಂದೆ ಎಡದಿಂದ ಬಂದು ನೆರಳು ಬಲಕ್ಕೆ ಗೋಡೆಯ ಕಡೆ ಬಿದ್ದಿತ್ತೆಂದರೆ, ಅದು ಚಳಿಗಾಲದ ಬೆಳಗ್ಗೆಯೇ ಇರಬೇಕು. ನಮಗೂ ಚಳಿಗಾಲವೇ ನಡೆಯುತ್ತಿತ್ತು.

ಲೇತ್ ಯಂತ್ರಗಳ ಸದ್ದಿನ ಒಂದು ಗಲ್ಲಿ, ಅದರ ತುದಿಯಲ್ಲಿ ತಗಡಿನ ಗೇಟು. ಒಳಗೆ ಅಂಗಳದ ಮಧ್ಯೆ ನೀರಿನ ಸಂಪು, ಸುತ್ತ ಬಣ್ಣಬಣ್ಣದ ಕೊಡಗಳು. ಶೀಟು ಹೊದಿಸಿದ ಕೋಣೆಗಳ ಸಾಲು, ಒಂದೊಂದು ಬಾಗಿಲಲ್ಲೂ ರಾಶಿ ಚಪ್ಪಲಿ. ಯಾವ ಕೋಣೆಗೂ ಕಿಟಕಿ ಇರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಕೈ ಒರೆಸಿಕೊಂಡು ಎದ್ದಳು. ಗಂಡ ಪೌಡರ್ ಕೋಟಿಂಗ್ ಕಾರ್ಖಾನೆಯಲ್ಲಿದ್ದಾನೆ, ಯಾದಗಿರಿ ಕಡೆಯವರು ಎಂದು ಆಮೇಲೆ ತಿಳಿಯಿತು.

"ಖೋಲಿ ನೋಡಾಕ ಬಂದೀರೇನ್ರಿ? ಯಾವ್ದೂ ಖಾಲಿ ಇಲ್ರಿ" ಎಂದಳು.

"ಇದು ನಮ್ಮನೆ ಕಣವ್ವ" ಎಂದರು ಅತ್ತೆ. ಆಮೇಲೆ ಸುತ್ತ ನೋಡಿ, "ಆಗ" ಎಂದು ಸೇರಿಸಿದರು.

ಹಳೆಯ ಮನೆಯದು ಏನೂ ಉಳಿದಿಲ್ಲವೆಂದು ಮೊದಲು ಅನಿಸಿತು. ನಂತರ ಅತ್ತೆಯೇ ಮೆಟ್ಟಿಲುಗಳನ್ನು ಗುರುತಿಸಿದರು. ಒಡೆದು ಸಾಗಿಸುವ ಕೂಲಿ ಉಳಿಸಲು ಭಾವ ಕಲ್ಲಿನ ಮೆಟ್ಟಿಲನ್ನು, ಬಾಗಿಲುವಾಡವನ್ನು, ಮನೆಯ ಬಲಮೂಲೆಯ ಕಲ್ಲನ್ನು ಹಾಗೇ ಬಿಟ್ಟು ಅವುಗಳಿಗೆ ಸೇರಿಸಿ ಇಟ್ಟಿಗೆ ಗೋಡೆ ಎಬ್ಬಿಸಿದ್ದರು. ಪರಂಪರೆ ಉಳಿದಿದ್ದು ಹಾಗೆ, ಅವರ ಜಿಪುಣತನದಿಂದ.

ಬಂಡೆಯೂ ಸಿಕ್ಕಿತು. ಅರ್ಧ ಒಡೆದು ಒಯ್ದಿದ್ದರು, ತಲೆಯ ಮೇಲೆ ಮೊಬೈಲ್ ಟವರು ಬಂದಿತ್ತು. ಆದರೆ ಸೀಳು ಇತ್ತು. ಹಳೆಯ ಚಿತ್ರದಲ್ಲಿ ಮೂಲೆಗಲ್ಲಿನ ಅಂಚು ಸರಿಯಾಗಿ ಆ ಸೀಳಿಗೆ ತಾಗಿದಂತಿತ್ತು. ಅಂಗಳದಲ್ಲಿ ಅತ್ತಿಂದಿತ್ತ ಸರಿಯುತ್ತ, ಎರಡೂ ತಾಗುವ ಗೆರೆಯನ್ನು ಹಿಡಿದೆ. ಆ ಗೆರೆಯ ಮೇಲೆ ಎಷ್ಟು ಹಿಂದೆ ನಿಲ್ಲಬೇಕು ಎನ್ನುವುದಕ್ಕೆ ಮೆಟ್ಟಿಲು ದಾರಿ ತೋರಿಸಿತು. ಹತ್ತಿರ ಹೋದರೆ ಮೆಟ್ಟಿಲು ಬೇಗ ಹಿಗ್ಗುತ್ತದೆ, ದೂರದ ಬಂಡೆ ಹಿಗ್ಗುವುದಿಲ್ಲ. ಹಳೆಯ ಚಿತ್ರದಲ್ಲಿದ್ದಷ್ಟೇ ಪ್ರಮಾಣ ಬರುವವರೆಗೆ ಹಿಂದೆ ಮುಂದೆ ಹೋದೆ. ಜೂಮ್ ತಿರುಗಿಸಿ ಇದನ್ನು ಸರಿಮಾಡಲಾಗದು. ಅದು ಚಿತ್ರವನ್ನು ಕತ್ತರಿಸುತ್ತದೆಯೇ ಹೊರತು ನಿಂತ ಜಾಗವನ್ನು ಬದಲಿಸುವುದಿಲ್ಲ. ಕೊನೆಗೆ ಸಂಪಿನ ಮುಚ್ಚಳದ ಮೇಲೆ ಬಂದು ನಿಂತೆ. ಸ್ಟ್ಯಾಂಡನ್ನು ಎದೆಯ ಎತ್ತರಕ್ಕೆ ಇಳಿಸಿ, ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಬಾಗದಂತೆ ಮಟ್ಟ ಮಾಡಿದೆ.

ಕಣ್ಣಿಟ್ಟು ನೋಡಿದರೆ ಮೆಟ್ಟಿಲು ತನ್ನ ಜಾಗದಲ್ಲಿತ್ತು, ಬಾಗಿಲುವಾಡ ತನ್ನ ಜಾಗದಲ್ಲಿತ್ತು. ಮೆಟ್ಟಿಲಿನ ಎಡಕ್ಕೆ, ತಾತ ಕೋಲೂರಿ ನಿಂತಿದ್ದಲ್ಲಿ, ಕಕ್ಕಸಿತ್ತು.

ಇಡೀ ಸಾಲಿಗೆ ಅದೊಂದೇ. ತಗಡಿನ ಬಾಗಿಲು ಕೆಳಗೆ ತುಕ್ಕು ಹಿಡಿದು ಹರಿದುಹೋಗಿತ್ತು. ಚಿಲಕದ ಬದಲು ಒಂದು ಗೋಣಿದಾರ.

"ಒಳಗ ಕುಂತವ್ರು ದಾರ ಹಿಡ್ಕೊಂಡು ಕುಂದರಬೇಕ್ರಿ" ಎಂದಳು ಆ ಹೆಂಗಸು. "ಮಾಲೀಕ್ರಿಗೆ ಹೇಳಿ ಹೇಳಿ ಸಾಕಾತು. ಮಾಡಿಸ್ತೀನಿ ಅಂತಾರ. ಬಾಡಿಗಿ ತಗೊಳ್ಳಾಕ ಬಂದಾಗ ಮೂಗು ಮುಚ್ಕೊಂಡು ಗೇಟಿನಾಗ ನಿಂದರ್ತಾರ."

ಮಾಲೀಕರ ತಾಯಿ ತನ್ನ ಪಕ್ಕದಲ್ಲೇ ನಿಂತಿದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅತ್ತೆ ಹೇಳಲೂ ಇಲ್ಲ. ಮೆಟ್ಟಿಲಿನ ಮೇಲೆ ಕೂತು, "ನೀರು ಯಾವಾಗ ಬತ್ತದೆ?" ಎಂದು ಕೇಳಿದರು. ದಿನ ಬಿಟ್ಟು ದಿನ, ಅದೂ ಸಣ್ಣಗೆ ಎಂದು ಅವಳು ಹೇಳಿದಳು. ಈ ಅಂಗಳದ ಬಾವಿಯಿಂದ ಊರೆಲ್ಲ ನೀರು ಸೇದುತ್ತಿತ್ತು ಎಂದು ಅತ್ತೆ ಹೇಳಿದರು. ಬಾವಿ ಎಲ್ಲಿತ್ತು ಎಂದು ಇಬ್ಬರೂ ಹುಡುಕಿದರು, ಸಿಗಲಿಲ್ಲ.

ನೆರಳು ಹಳೆಯ ಚಿತ್ರದ ಓರೆಗೆ ಬರುವವರೆಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಆ ಹೆಂಗಸು ಏನೋ ತರಲು ಮೆಟ್ಟಿಲು ಹತ್ತಿ ತನ್ನ ಕೋಣೆಯ ಬಾಗಿಲಿಗೆ ಹೋದಳು, ಬಾಗಿಲುವಾಡದ ಮೇಲೆ ಕೈಯಿಟ್ಟು ತಿರುಗಿ, "ನಾ ಅಡ್ಡ ಬರ್ತೀನೇನ್ರಿ?" ಎಂದು ಕೇಳಿದಳು.

"ಇಲ್ಲಮ್ಮ, ಹಂಗೇ ನಿಂತ್ಕೊ. ಬೇಕು ನೀನು" ಎಂದೆ. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. ಅತ್ತೆ ಎದ್ದು ಪಕ್ಕಕ್ಕೆ ಬಂದರು. ಚಿತ್ರ ತೆಗೆದೆ.

ಮನೆಗೆ ಬಂದು ಹಳೆಯದನ್ನು ಅರ್ಧ ಪಾರದರ್ಶಕ ಮಾಡಿ ಹೊಸದರ ಮೇಲೆ ಇಟ್ಟೆ. ಮೆಟ್ಟಿಲ ಅಂಚು, ಬಾಗಿಲುವಾಡದ ಮೂಲೆ, ಬಂಡೆಯ ಸೀಳು ಇವನ್ನು ಹಿಡಿದು ತುಸು ತಿರುಗಿಸಿ ಹಿಗ್ಗಿಸಿದರೆ ಎರಡೂ ಕೂತವು. ಆಮೇಲೆ ಮೃದುವಾದ ಕುಂಚದಿಂದ ಎಲ್ಲಿ ಹಳೆಯದು ಇರಬೇಕು, ಎಲ್ಲಿ ಹೊಸದು ಎಂದು ತೀರ್ಮಾನಿಸುವ ಕೆಲಸ. ತಾತನನ್ನು ಕಂದುಬಣ್ಣದಲ್ಲೇ ಬಿಟ್ಟೆ. ಅವನ ಸುತ್ತಲಿನ ಮಣ್ಣು ನಿಧಾನವಾಗಿ ಇಂದಿನ ಸಿಮೆಂಟಿಗೆ ಕರಗಿತು. ಪೇಟದ ಹಿಂದೆ ತುಕ್ಕಿನ ಬಾಗಿಲು, ಕೋಲಿನ ಪಕ್ಕ ಪ್ಲಾಸ್ಟಿಕ್ ಬಕೆಟ್ಟು. ಬಾಗಿಲುವಾಡದ ಒಂದು ಬದಿಯಲ್ಲಿ ಬಳೆಯ ಕೈ ಮತ್ತು ಅಲುಗಿದ ಅರ್ಧ ಮುಖ, ಇನ್ನೊಂದು ಬದಿಯಲ್ಲಿ ನೇರಳೆ ಸೀರೆಯ ಹೆಂಗಸು. ಇಬ್ಬರೂ ಕ್ಯಾಮೆರಾವನ್ನೇ ನೋಡುತ್ತಿದ್ದರು. ನಾನು ಒಂದು ಕಲ್ಲನ್ನೂ ಆಚೀಚೆ ಸರಿಸಿರಲಿಲ್ಲ.

ಭಾವ ಬಂದು ನೋಡಿದರು. ಮುಖ ಕೆಂಪಾಯಿತು.

"ಏನಮ್ಮ ಇದು? ನಮ್ಮ ತಾತನ್ನ ತಗೊಂಡೋಗಿ ಕಕ್ಕಸಿನ ಮುಂದೆ ನಿಲ್ಸಿದೀಯಲ್ಲ."

"ತಾತ ಅಲ್ಲೇ ನಿಂತಿದ್ರು ಭಾವ. ಅವರ ಮೇಲೆ ಕಕ್ಕಸು ಕಟ್ಟಿಸಿದ್ದು ನೀವು."

"ಅಲ್ಲಿಗೆ ಯಾಕೆ ಹೋದೆ? ಅಮ್ಮನ್ನ ಬೇರೆ ಕರ್ಕೊಂಡೋಗಿ—"

"ನಾನೇ ಹೋದೆ" ಎಂದರು ಅತ್ತೆ ಪರದೆಯ ಆಚೆಯಿಂದ. "ದಾರ ಹಿಡ್ಕೊಂಡು ಕೂತ್ಕೋಬೇಕಂತೆ ಅಲ್ಲಿ. ನೀನು ಕೂತಿದೀಯಾ ಯಾವತ್ತಾದ್ರೂ?"

ಭಾವ ತಾತನನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದರು.

ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಈಗೇನು, ಒಂದು ಮುಖ ಕೊಟ್ಟರೆ ಉಳಿದಿದ್ದನ್ನೆಲ್ಲ ಕಂಪ್ಯೂಟರೇ ಕಲ್ಪಿಸಿಕೊಳ್ಳುತ್ತದೆ. ಹಾಲಿನ ಉದ್ಘಾಟನೆಯ ದಿನ ಎದುರಿನ ಗೋಡೆಯ ತುಂಬ ಆ ಹೊಸ ಚಿತ್ರ ನಿಂತಿತ್ತು. ತಾತನ ಕೋಟಿಗೆ ರಾಯಲ್ ಬ್ಲೂ ಬಣ್ಣ, ಪೇಟಕ್ಕೆ ಜರಿ. ಕೋಲು ಮಾಯವಾಗಿ ಕೈ ಭಾವನ ಹೆಗಲ ಮೇಲೆ ಬಂದಿತ್ತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಎಷ್ಟಿವೆಯೆಂದು ತಿಳಿಯುತ್ತಿರಲಿಲ್ಲ. ಹಿಂದೆ ಅರಮನೆಯಂಥ ಕಂಬಗಳ ಸಾಲು. ಬಾಗಿಲೂ ಇರಲಿಲ್ಲ, ಬಾಗಿಲಲ್ಲಿದ್ದವಳೂ ಇರಲಿಲ್ಲ. ತಾತ ಹಲ್ಲು ಕಾಣುವಂತೆ ನಗುತ್ತಿದ್ದ. ಟೂತ್‌ಪೇಸ್ಟಿನ ಜಾಹೀರಾತಿನ ಹಲ್ಲು. ಇಬ್ಬರ ಕಾಲ ಕೆಳಗೂ ನೆರಳೇ ಇರಲಿಲ್ಲ. ಆ ಮಟ್ಟಿಗೆ ನನ್ನ ಆಕ್ಷೇಪಣೆಗೆ ಪರಿಹಾರ ಸಿಕ್ಕಿತ್ತು.

ಅದನ್ನು ಕಂಡು ಜನ ನಗುತ್ತಾರೆಂದು ನಾನು ಎಣಿಸಿದ್ದೆ. ಯಾರೂ ನಗಲಿಲ್ಲ. ಸಾಲುಗಟ್ಟಿ ಅದರ ಮುಂದೆ ಸೆಲ್ಫಿ ತೆಗೆದುಕೊಂಡರು. "ಥೇಟ್ ತಾತನ ಹಂಗೇ ಇದೀರ ಸಾರ್" ಎಂದು ಯಾರೋ ಭಾವನಿಗೆ ಹೇಳಿದರು. ನಿಜವೇ. ತಾತನನ್ನೇ ಅವರ ಹಾಗೆ ತಿದ್ದಿದ್ದರು.

ಅತ್ತೆಯನ್ನು ಕೈಹಿಡಿದು ಅದರ ಮುಂದೆ ಕರೆತಂದು, "ನೋಡಮ್ಮ, ಹೇಗಿದೆ?" ಎಂದು ಭಾವ ಕೇಳಿದರು. ಸುತ್ತ ಬೀಗರು, ಕಾರ್ಖಾನೆಯ ಹಳೆಯ ಸಹೋದ್ಯೋಗಿಗಳು.

"ಯಾರಪ್ಪ ಇದು?"

"ಅಮ್ಮ, ತಾತ. ನಿನ್ನ ಮಾವ."

ಅತ್ತೆ ಮತ್ತೊಮ್ಮೆ ನೋಡಿದರು. "ನಮ್ಮ ಮಾವ ನಗೋದನ್ನ ನಾನು ಕಂಡಿಲ್ಲ" ಎಂದರು. "ಇವರು ಯಾರೋ ಒಳ್ಳೆಯವರು ಇದ್ದಂಗವರೆ." ಹಾಗೆಂದು ಊಟದ ಕಡೆ ನಡೆದರು. ಆಗ ಒಂದಿಬ್ಬರು ನಕ್ಕರು. ಭಾವ ಅತಿಥಿಗಳಿಗಿಂತ ಜೋರಾಗಿ ನಕ್ಕರು.

ಅತ್ತೆಯ ಕೋಣೆಯಲ್ಲಿ ಈಗ ನಾನು ಮಾಡಿದ ಚಿತ್ರವಿದೆ. ಬೇಕೆಂದು ಕೇಳಿ ಹಾಕಿಸಿಕೊಂಡರು. ಅತ್ತೆಯನ್ನು ನೋಡಲು ಬಂದವರೆಲ್ಲ ಅದರ ಮುಂದೆ ಕೂರಲೇಬೇಕು, ಮತ್ತು ಅದೇನದು ತಾತನ ಹಿಂದೆ ಎಂದು ಕೇಳಲೇಬೇಕು. ಅತ್ತೆ ಬಹಳ ತಾಳ್ಮೆಯಿಂದ ವಿವರಿಸುತ್ತಾರೆ. ಯಾರ ಬಾಡಿಗೆ ಮನೆ, ಎಷ್ಟು ಸಂಸಾರ, ಚಿಲಕ ಯಾಕಿಲ್ಲ, ಎಲ್ಲವನ್ನೂ. ಭಾವನ ಹೆಂಡತಿಯ ತವರಿನವರಿಗೂ ವಿವರಿಸಿದರು.

ಬೇಸಿಗೆ ಬರುವ ಹೊತ್ತಿಗೆ ಭಾವ ಆ ಕಕ್ಕಸನ್ನು ಕೆಡವಿಸಿ ಅಂಗಳದ ಹಿಂಭಾಗದಲ್ಲಿ ಬೇರೆ ಎರಡನ್ನು ಕಟ್ಟಿಸಿದರು. ಅವರ ಮನಸ್ಸು ಕರಗಿತೆಂದು ನನ್ನ ಗಂಡ ಹೇಳಿದರು. ಕರಗಿದ್ದು ಏನೆಂದು ಮರುವಾರವೇ ತಿಳಿಯಿತು. "ಜಾಗ ಕ್ಲೀನ್ ಮಾಡ್ಸಿದೀನಿ. ಈಗ ಬಂದು ಇನ್ನೊಂದ್ಸಲ ತೆಗಿ. ಅಮ್ಮನ ಕೋಣೆಲಿರೋದನ್ನ ಬದಲಾಯಿಸಿಬಿಡೋಣ" ಎಂದು ಭಾವ ಫೋನು ಮಾಡಿದರು.

ಹೋದೆ. ಹೊಸ ಬಾಗಿಲುಗಳಿಗೆ ಚಿಲಕವಿದೆಯೇ ಎಂದು ನೋಡುವ ಆಸೆ ನನಗೂ ಇತ್ತು. ಚಿಲಕವಿತ್ತು. ಭಾವ ಸೂಟು ತೊಟ್ಟು, ತಾತ ನಿಂತಿದ್ದ ಜಾಗದಲ್ಲಿ ಬೆವರುತ್ತ ನಿಂತಿದ್ದರು. ಬಿಸಿಲು ನೆತ್ತಿಗೇರಿತ್ತು, ನೆರಳು ಕಾಲ ಕೆಳಗೆ ಮುದುಡಿತ್ತು. ಇದು ಹೊಂದುವುದಿಲ್ಲ, ಚಳಿಗಾಲ ಬರಲಿ ಎಂದೆ. ಅವರು ಕೇಳಲಿಲ್ಲ, ತೆಗಿ ಎಂದರು. ನಾನು ಸಂಪಿನ ಮುಚ್ಚಳದ ಮೇಲೆ ಸ್ಟ್ಯಾಂಡು ಬಿಚ್ಚುತ್ತಿದ್ದಂತೆ ಕೋಣೆಗಳಿಂದ ಹೆಂಗಸರು ಕೊಡ ಹಿಡಿದು ಒಬ್ಬೊಬ್ಬರಾಗಿ ಬಂದರು.

"ಸರೀರಿ ಅಕ್ಕಾರ" ಎಂದಳು ಯಾದಗಿರಿಯ ಹೆಂಗಸು. "ನೀರು ಬಿಟ್ಟಾರ. ಹೋದ್ರ ಮತ್ತ ನಾಡಿದ್ದೇ."

ನಾನು ಸ್ಟ್ಯಾಂಡು ಮಡಚಿ ಪಕ್ಕಕ್ಕೆ ಬಂದೆ. ಮುಚ್ಚಳ ತೆರೆದರು, ಕೊಡಗಳು ಒಂದಾದ ಮೇಲೊಂದು ಇಳಿದವು. ಭಾವ ಸೂಟಿನಲ್ಲಿ ಸ್ವಲ್ಪ ಹೊತ್ತು ಹಾಗೇ ಕಾದರು. ಯಾರೂ ಅವರ ಕಡೆ ನೋಡದಿದ್ದಾಗ ಕಾರಿಗೆ ಹೋಗಿ ಏಸಿ ಹಾಕಿಕೊಂಡು ಕೂತರು.